ಮಲೆನಾಡಿಗೂ ಮಡಗಾಸ್ಕರ್‌ಗೂ ನಡುವೆ ಒಂದು ಖಂಡವೇ ಮುಳುಗಿತ್ತೇ? ಕಲ್ಲುಗಳು ಹೇಳುವುದೇ ಬೇರೆ

ಇಂಥದೊಂದು ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ದಕ್ಷಿಣ ಭಾರತದಿಂದ ಮಡಗಾಸ್ಕರ್‌ವರೆಗೆ ಹಿಂದೆ ಒಂದು ದೊಡ್ಡ ಭೂಭಾಗವಿತ್ತು, ಅದರ ಹೆಸರು ಲೆಮೂರಿಯಾ, ಅದು ಸಮುದ್ರದಲ್ಲಿ ಮುಳುಗಿಹೋಯಿತು, ಈಗ ವಿಜ್ಞಾನಿಗಳಿಗೂ ಅದರ ಪುರಾವೆ ಸಿಕ್ಕಿದೆ ಎಂದು ಅದರಲ್ಲಿರುತ್ತದೆ. ಜೊತೆಗೆ ನೀಲಿ ಸಮುದ್ರದ ಮೇಲೆ ಹಸಿರು ಬಣ್ಣ ಬಳಿದ ಒಂದು ನಕ್ಷೆ.

ಇದರಲ್ಲಿ ಅರ್ಧ ನಿಜ. ಮಡಗಾಸ್ಕರ್ ಮತ್ತು ನಮ್ಮ ಪಶ್ಚಿಮ ಕರಾವಳಿ ಒಂದು ಕಾಲದಲ್ಲಿ ಕೂಡಿಕೊಂಡೇ ಇದ್ದವು. ಸುಳ್ಳಿರುವುದು ಇನ್ನರ್ಧದಲ್ಲಿ. ನಡುವಿನ ನೆಲ ಮುಳುಗಿ ಅವು ದೂರವಾದದ್ದಲ್ಲ, ನೆಲವೇ ಸರಿದು ದೂರವಾದದ್ದು. ಈ ವ್ಯತ್ಯಾಸವನ್ನು ಪತ್ತೆ ಹಚ್ಚಿದ್ದು ಹೇಗೆ ಎಂಬುದು ಫಾರ್ವರ್ಡ್‌ಗಿಂತ ಸ್ವಾರಸ್ಯವಾದ ಕಥೆ. ಅದರ ಮುಖ್ಯ ಸಾಕ್ಷಿಯೊಂದು ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಮುಟ್ಟಿ ನೋಡುವಷ್ಟು ಹತ್ತಿರದಲ್ಲಿದೆ.

ಲೆಮೂರಿಯಾ ಎಂಬ ಹೆಸರು ಪುರಾಣದಿಂದ ಬಂದದ್ದಲ್ಲ. 1864ರಲ್ಲಿ ಫಿಲಿಪ್ ಸ್ಕ್ಲೇಟರ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಇಟ್ಟ ಹೆಸರು ಅದು. ಮಡಗಾಸ್ಕರ್ ತುಂಬ ಲೀಮರ್ ಎಂಬ ಪ್ರಾಣಿಗಳು, ಅವುಗಳ ದೂರದ ನೆಂಟನಾದ ಕಾಡುಪಾಪ ನಮ್ಮ ದಕ್ಷಿಣ ಭಾರತದಲ್ಲಿ. ನಡುವೆ ಮಹಾಸಾಗರ. ಹಾಗಾದರೆ ನಡುವೆ ನೆಲವಿದ್ದಿರಬೇಕು, ಅದು ಮುಳುಗಿರಬೇಕು ಎಂದು ಆತ ಊಹಿಸಿದ. ಖಂಡಗಳು ಸರಿಯುತ್ತವೆ ಎಂಬುದು ಯಾರಿಗೂ ಗೊತ್ತಿಲ್ಲದ ಆ ಕಾಲಕ್ಕೆ ಅದು ತೀರಾ ಹುಚ್ಚು ಊಹೆಯೇನಲ್ಲ.

ಆದರೆ ಆತ ಹಿಡಿದ ಸುಳಿವೇ ತಪ್ಪಾಗಿತ್ತು. ಭಾರತ ಮತ್ತು ಮಡಗಾಸ್ಕರ್ ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಲೀಮರ್‌ಗಳ ಪೂರ್ವಜರು ಮಡಗಾಸ್ಕರ್ ಸೇರಿದ್ದು ಅದಾದ ಎಷ್ಟೋ ಕಾಲದ ಮೇಲೆ, ಆಫ್ರಿಕಾ ಕಡೆಯಿಂದ. ಪ್ರವಾಹದಲ್ಲಿ ಕೊಚ್ಚಿ ಬಂದ ಮರಗಿಡಗಳ ರಾಶಿಯ ಮೇಲೆ ತೇಲಿ ಬಂದಿರಬೇಕು ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಹಾಗಾಗಿ ಎರಡು ಕಡೆ ಒಂದೇ ಬಗೆಯ ಜೀವಿ ಸಿಕ್ಕಿತು ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಅದು ನೆಲ ಬೇರೆಯಾಗುವ ಮೊದಲಿನದೋ, ಆಮೇಲಿನದೋ?

ಈ ಪರೀಕ್ಷೆಯಲ್ಲಿ ಪಾಸಾಗುವ ಒಂದು ಪಳೆಯುಳಿಕೆ ಗ್ಲಾಸಾಪ್ಟೆರಿಸ್ ಎಂಬ ಗಿಡದ್ದು. ನಾಲಿಗೆಯ ಆಕಾರದ ಎಲೆ, ನಡುವೆ ಒಂದು ದಪ್ಪ ನರ, ಅದರಿಂದ ಬಲೆಯಂತೆ ಹರಡಿದ ಸಣ್ಣ ನರಗಳು. ಇದು ಬೆಳೆದದ್ದು ಸುಮಾರು 30ರಿಂದ 25 ಕೋಟಿ ವರ್ಷಗಳ ಹಿಂದೆ. ಭಾರತ, ಮಡಗಾಸ್ಕರ್, ದಕ್ಷಿಣ ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ ಎಲ್ಲ ಕಡೆಯೂ ಇದರ ಎಲೆಗಳು ಕಲ್ಲಿನಲ್ಲಿ ಅಚ್ಚಾಗಿ ಸಿಕ್ಕಿವೆ. ದಕ್ಷಿಣ ಧ್ರುವದಿಂದ ಮರಳುವ ದಾರಿಯಲ್ಲಿ 1912ರಲ್ಲಿ ಸತ್ತ ಕ್ಯಾಪ್ಟನ್ ಸ್ಕಾಟ್ ತಂಡದ ಬಳಿ ಸುಮಾರು 16 ಕೆ.ಜಿ. ಕಲ್ಲುಗಳಿದ್ದವು. ಹಸಿವು, ಚಳಿಯಲ್ಲೂ ಅವರು ಅವನ್ನು ಎಸೆಯದೆ ಎಳೆದು ತಂದಿದ್ದರು. ಆ ಕಲ್ಲುಗಳಲ್ಲಿಯೂ ಇದೇ ಎಲೆ ಇತ್ತು.

ಕೊಡಗಿನಲ್ಲಿ ಇದನ್ನು ಹುಡುಕಬೇಡಿ, ಸಿಗುವುದಿಲ್ಲ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಇರಿಟ್ಟಿ ಕಡೆ ಹೋಗುವಾಗ ರಸ್ತೆ ಬದಿಯಲ್ಲಿ ಮಳೆಗೆ ಮಣ್ಣು ಜರಿದಲ್ಲೆಲ್ಲ ಕಾಣುವ ಕೆಂಪು ಮಣ್ಣಿನ ಅಡಿಯ ಗಟ್ಟಿ ಬಂಡೆ ಬೇರೆ ಜಾತಿಯದು. ಕೊಡಗಿನ ಇಂಥ ಬಂಡೆಗಳು ನೆಲದಾಳದ ಶಾಖ ಮತ್ತು ಒತ್ತಡದಲ್ಲಿ ಬೆಂದು ರೂಪ ಬದಲಿಸಿದವು, ಬಹುಪಾಲು 300 ಕೋಟಿ ವರ್ಷಕ್ಕೂ ಹಳೆಯವು. ಆಗ ಭೂಮಿಯ ಮೇಲೆ ಗಿಡವೇ ಇರಲಿಲ್ಲ. ಯಾರಾದರೂ ಕೊಡಗಿನ ಬಂಡೆಯೊಳಗೆ ಎಲೆಯ ಪಳೆಯುಳಿಕೆ ಸಿಕ್ಕಿದೆ ಎಂದು ಫೋಟೊ ಕಳಿಸಿದರೆ ಅನುಮಾನಿಸಲು ಅದೊಂದೇ ಕಾರಣ ಸಾಕು. ಕಲ್ಲಿನ ಬಿರುಕಿಗೆ ಇಳಿದ ಖನಿಜದ ಕಪ್ಪು ಕಲೆಗಳು ಎಷ್ಟೋ ಸಲ ಥೇಟ್ ಗಿಡದ ಕೊಂಬೆಯಂತೆ ಕಾಣುತ್ತವೆ.

ಗ್ಲಾಸಾಪ್ಟೆರಿಸ್ ಸಿಗುವುದು ಕಲ್ಲಿದ್ದಲಿನ ಪದರಗಳ ನಡುವೆ. ಬಂಗಾಳದ ರಾಣಿಗಂಜ್, ಜಾರ್ಖಂಡದ ಝರಿಯಾ, ತೆಲಂಗಾಣದ ಸಿಂಗರೇಣಿಯ ಕಲ್ಲಿದ್ದಲೆಲ್ಲ ಆ ಕಾಲದ ಜೌಗು ಕಾಡುಗಳಲ್ಲಿ ಬೆಳೆದ ಗಿಡಗಳಿಂದ ಆದದ್ದು. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಸಿಂಗರೇಣಿಯಿಂದಲೂ ಕಲ್ಲಿದ್ದಲು ಬರುತ್ತದೆ. ಅಂದರೆ ಅಂಟಾರ್ಟಿಕಾದಲ್ಲಿ ಸ್ಕಾಟ್‌ಗೆ ಸಿಕ್ಕಿದ ಎಲೆಯ ಬಳಗವನ್ನು ಸುಟ್ಟು ನಾವು ಮೊಬೈಲ್ ಚಾರ್ಜ್ ಮಾಡಿಕೊಳ್ಳುತ್ತಿದ್ದೇವೆ.

ಸರಿ, ಇಷ್ಟಾದರೆ ಖಂಡಗಳು ಸರಿದವು ಎಂದು ಸಾಬೀತಾಯಿತೇ? ಇಲ್ಲ. ಇಲ್ಲಿಯೇ ಬಹಳ ಜನ ಎಡವುವುದು. ಎಲೆ ಹೇಳುವುದು ಇಷ್ಟೇ: ಈ ನೆಲಗಳು ಆಗ ಒಂದಕ್ಕೊಂದು ಹತ್ತಿಕೊಂಡಿದ್ದವು. ಆಮೇಲೆ ನಡುವಿನ ನೆಲ ಮುಳುಗಿತೋ, ಇಡೀ ನೆಲವೇ ಸರಿಯಿತೋ ಎಂದು ಎಲೆಗೆ ಗೊತ್ತಿಲ್ಲ. ಹಿಂದಿನ ಭೂವಿಜ್ಞಾನಿಗಳೂ ಇದೇ ಎಲೆಯನ್ನು ತೋರಿಸಿ ಮುಳುಗಿದ ನೆಲದ ಕಥೆಯನ್ನೇ ಹೇಳುತ್ತಿದ್ದರು. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಖಂಡಗಳೇ ಸರಿದಿವೆ ಎಂದಾಗ ಹೆಚ್ಚಿನವರು ನಂಬಲಿಲ್ಲ. ತೀರ್ಮಾನಕ್ಕೆ ಬೇರೆ ಸಾಕ್ಷಿ ಬೇಕಿತ್ತು.

ಮೊದಲನೆಯದು ಕರಾವಳಿಯ ಆಕಾರ. ಮಡಗಾಸ್ಕರ್‌ನ ಪೂರ್ವ ತೀರವನ್ನು ಮ್ಯಾಪಿನಲ್ಲಿ ನೋಡಿ. ಗೆರೆ ಎಳೆದಂತೆ ನೇರವಾಗಿದೆ, ಹಿಂದೆ ಕಡಿದಾದ ಬೆಟ್ಟದ ಸಾಲು. ನಮ್ಮ ಕರಾವಳಿ ಮತ್ತು ಪಶ್ಚಿಮ ಘಟ್ಟದ್ದೂ ಹೆಚ್ಚುಕಡಿಮೆ ಅದೇ ಚಿತ್ರ. ಆದರೆ ಫೋನಿನಲ್ಲಿ ಎರಡು ನಕ್ಷೆ ಕತ್ತರಿಸಿ ಅಂಟಿಸಿ ನೋಡಿದರೆ ಸರಿಯಾಗಿ ಕೂಡುವುದಿಲ್ಲ. ನೀರಿನ ಅಂಚು ಖಂಡದ ಅಂಚಲ್ಲ ಎಂಬುದು ಅದಕ್ಕೆ ಕಾರಣ. ತೀರದಾಚೆ ಆಳವಿಲ್ಲದ ಸಮುದ್ರದಡಿ ಖಂಡದ ನೆಲವೇ ಹತ್ತಾರು ಕಿ.ಮೀ. ಚಾಚಿ, ಆಮೇಲೆ ಇಳಿಜಾರಾಗಿ ಆಳಕ್ಕೆ ಹೋಗುತ್ತದೆ. ಜೋಡಿಸಬೇಕಾದದ್ದು ಆ ಇಳಿಜಾರನ್ನು. 1965ರಲ್ಲಿ ಎಡ್ವರ್ಡ್ ಬುಲ್ಲಾರ್ಡ್ ಮತ್ತು ಸಂಗಡಿಗರು ಸುಮಾರು 900 ಮೀಟರ್ ಆಳದ ಗೆರೆಯನ್ನು ಹಿಡಿದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕವನ್ನು ಕಂಪ್ಯೂಟರಿನಲ್ಲಿ ಕೂಡಿಸಿದಾಗ ಅವು ಚೆನ್ನಾಗಿ ಹೊಂದಿಕೊಂಡವು. ನಮ್ಮ ಕಡೆ ಕೆಲಸ ಅಷ್ಟು ಸಲೀಸಲ್ಲ. ಒಡೆಯುವಾಗ ಅಂಚು ಎಳೆದು ತೆಳುವಾಗಿದೆ, ಆಮೇಲೆ ಲಾವಾ ಮತ್ತು ಹೂಳು ಅದರ ಮೇಲೆ ಬಿದ್ದಿವೆ. ಆದ್ದರಿಂದ ಮಾಕುಟ್ಟದ ಎದುರಿಗೆ ಮಡಗಾಸ್ಕರ್‌ನ ಇಂಥದೇ ಊರಿತ್ತು ಎಂದು ಬೆರಳಿಟ್ಟು ತೋರಿಸುವವರನ್ನು ನಂಬಬೇಡಿ.

ಆಕಾರ ಕಾಕತಾಳೀಯವೂ ಆಗಿರಬಹುದು. ಹರಿದ ನ್ಯೂಸ್‌ಪೇಪರಿನ ಎರಡು ತುಂಡು ಒಂದೇ ಹಾಳೆಯದು ಎನ್ನಬೇಕಾದರೆ ಅಂಚು ಕೂಡಿದರೆ ಸಾಲದು, ಅಕ್ಷರದ ಸಾಲೂ ಮುಂದುವರಿಯಬೇಕು. ಇಲ್ಲಿ ಅಕ್ಷರವೆಂದರೆ ಕಲ್ಲು. ಮಡಗಾಸ್ಕರ್‌ನ ಈಶಾನ್ಯ ತೀರದ ಆಂಟೊಂಗಿಲ್ ಎಂಬಲ್ಲಿ 300 ಕೋಟಿ ವರ್ಷ ಮೀರಿದ ಶಿಲೆಗಳಿವೆ, ಅವನ್ನು ಸೀಳಿ ಬಂದ ಸುಮಾರು 250 ಕೋಟಿ ವರ್ಷದ ಗ್ರಾನೈಟುಗಳೂ ಇವೆ. ಇದು ಆ ದ್ವೀಪದ ಉಳಿದ ಭಾಗಕ್ಕೆ ಹೊಂದದ ತುಂಡು, ಆದರೆ ಕರ್ನಾಟಕದ ಹಳೆಯ ನೆಲಕ್ಕೆ ಸರಿಯಾಗಿ ಹೊಂದುತ್ತದೆ.

ಇನ್ನು ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬಕಂಬದ ಕಲ್ಲಿನ ಮುಂದೆ ಸೆಲ್ಫಿ ತೆಗೆದುಕೊಂಡವರು ನಿಮ್ಮಲ್ಲೂ ಇರಬಹುದು. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ಆ ಆಕಾರ ಬಂದಿದೆ. ಮಹಾರಾಷ್ಟ್ರದ ದಖನ್ ಲಾವಾದ ತುಣುಕು ಇದು ಎಂದು ಯಾರಿಗಾದರೂ ಅನ್ನಿಸೀತು. ಆದರೆ ದಖನ್ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದು, ಈ ಕಲ್ಲಿನ ವಯಸ್ಸು ಅದಕ್ಕಿಂತ ಎರಡು ಕೋಟಿ ವರ್ಷದಷ್ಟು ಹೆಚ್ಚು.

ವಯಸ್ಸು ತಿಳಿಯುವುದು ಹೀಗೆ. ಕಲ್ಲಿನಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗುತ್ತದೆ. ಕರಗಿದ ಲಾವಾದಿಂದ ಆ ಅನಿಲ ಹಾರಿಹೋಗುತ್ತದೆ, ಗಟ್ಟಿಯಾದ ಮೇಲೆ ಒಳಗೇ ಕೂಡಿಕೊಳ್ಳುತ್ತದೆ. ಎಷ್ಟು ಕೂಡಿದೆ ಎಂದು ಅಳೆದರೆ ಗಟ್ಟಿಯಾಗಿ ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತದೆ. ಕಲ್ಲು ಬಿಸಿಲು ಮಳೆಗೆ ಶಿಥಿಲವಾಗಿದ್ದರೆ ಅನಿಲ ಸೋರಿ, ವಯಸ್ಸು ಕಡಿಮೆ ತೋರಿಸುತ್ತದೆ. ಅದಕ್ಕೇ ಜಿರ್ಕಾನ್ ಎಂಬ ಗಟ್ಟಿ ಹರಳಿನಲ್ಲಿರುವ ಯುರೇನಿಯಂ, ಸೀಸಗಳನ್ನು ಅಳೆದು ಇನ್ನೊಂದು ದಾರಿಯಿಂದ ತಾಳೆ ನೋಡುತ್ತಾರೆ. ಸೇಂಟ್ ಮೇರೀಸ್ ಕಲ್ಲಿಗೆ ಬೇರೆ ಬೇರೆ ತಂಡಗಳಿಗೆ ಸಿಕ್ಕ ಉತ್ತರ 8.5 ಕೋಟಿಯಿಂದ 9.3 ಕೋಟಿ ವರ್ಷಗಳ ನಡುವೆ ಇದೆ. ಮಡಗಾಸ್ಕರ್‌ನ ತೀರಗಳಲ್ಲಿ ಹರಡಿರುವ ಲಾವಾ ಕೂಡ ಇದೇ ಕಾಲದ್ದು, ಸುಮಾರು 8.8 ಕೋಟಿ ವರ್ಷ. ನೆಲ ಸೀಳುವಾಗ ಎರಡೂ ಬದಿಗೆ ಉಕ್ಕಿದ ಲಾವಾ ಇದು.

ಈ ಕಲ್ಲು ಇನ್ನೂ ಒಂದು ಗುಟ್ಟು ಹೇಳುತ್ತದೆ. ಲಾವಾ ತಣ್ಣಗಾಗುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆ ಜಾಗದಲ್ಲಿ ಭೂಮಿಯ ಕಾಂತಬಲ ಇರುವ ದಿಕ್ಕಿನಲ್ಲೇ ಕಾಂತತ್ವ ಪಡೆಯುತ್ತವೆ. ಸಮಭಾಜಕದ ಬಳಿ ಆ ಬಲ ಮಟ್ಟಸವಾಗಿರುತ್ತದೆ, ಧ್ರುವದ ಕಡೆ ಹೋದಂತೆ ಹೆಚ್ಚು ಹೆಚ್ಚು ಓರೆಯಾಗುತ್ತದೆ. ಆ ಓರೆಯನ್ನು ಅಳೆದರೆ ಕಲ್ಲು ಹುಟ್ಟಿದ್ದು ಯಾವ ಅಕ್ಷಾಂಶದಲ್ಲಿ ಎಂದು ಲೆಕ್ಕ ಸಿಗುತ್ತದೆ. ಈಗ ಸಮಭಾಜಕದ ಉತ್ತರಕ್ಕೆ 13 ಡಿಗ್ರಿಯಲ್ಲಿರುವ ಈ ದ್ವೀಪದ ಕಲ್ಲು ಹುಟ್ಟಿದ್ದು ಸಮಭಾಜಕದಿಂದ ಬಹಳ ದಕ್ಷಿಣದಲ್ಲಿ. ಮುಳುಗಿದ ಖಂಡದ ಕಥೆ ಇಲ್ಲಿ ನಿಲ್ಲುವುದಿಲ್ಲ. ನಡುವೆ ಏನೇ ಮುಳುಗಿದ್ದರೂ ಮಲ್ಪೆಯ ಕಲ್ಲು ಇದ್ದಲ್ಲೇ ಇರಬೇಕಿತ್ತು. ಅದು ಇದ್ದಲ್ಲಿ ಇಲ್ಲ.

ಹಾಗಾದರೆ "ಪುರಾವೆ ಸಿಕ್ಕಿದೆ" ಎಂಬ ಸುದ್ದಿ ಎಲ್ಲಿಂದ ಬಂತು? ಮಾರಿಷಸ್‌ನಿಂದ. ಆ ದ್ವೀಪ ಜ್ವಾಲಾಮುಖಿಯಿಂದ ಆದದ್ದು, 90 ಲಕ್ಷ ವರ್ಷಕ್ಕಿಂತ ಹಳೆಯದೇನೂ ಅಲ್ಲ. ಆದರೆ ಅಲ್ಲಿನ ಮರಳಿನಲ್ಲಿ ಬಹಳ ಹಳೆಯ ಜಿರ್ಕಾನ್ ಹರಳುಗಳಿವೆ ಎಂಬ ವರದಿ 2013ರಲ್ಲಿ ಬಂತು. ಮರಳು ಹೊರಗಿನಿಂದ ಬಂದಿರಬಹುದು ಎಂದು ಕೆಲವರು ಆಕ್ಷೇಪಿಸಿದರು. 2017ರಲ್ಲಿ ಅಲ್ಲಿನ ಬಂಡೆಯೊಳಗೇ 300 ಕೋಟಿ ವರ್ಷ ಹಳೆಯ ಹರಳುಗಳು ಸಿಕ್ಕವು. ಭಾರತ ಮತ್ತು ಮಡಗಾಸ್ಕರ್ ಬಿಡಿಸಿಕೊಳ್ಳುವಾಗ ನಡುವೆ ಉಳಿದ ಹಳೆಯ ನೆಲದ ಚೂರೊಂದು ಲಾವಾದ ಅಡಿ ಇದೆ ಎಂಬುದು ಅದರ ಅರ್ಥ. ಚಪಾತಿ ಹರಿಯುವಾಗ ನಡುವೆ ಉದುರುವ ಚೂರಿನ ಹಾಗೆ. ಅದು ಇಡೀ ಸಮುದ್ರ ತುಂಬುವ ಖಂಡವಲ್ಲ. ಉಳಿದ ಸಮುದ್ರತಳ ಬಹುಪಾಲು ಬಸಾಲ್ಟ್ ಎಂಬ ಭಾರದ ಕಲ್ಲು, ಖಂಡದ ನೆಲ ಅದಕ್ಕಿಂತ ಹಗುರ. ಅಷ್ಟು ದೊಡ್ಡ ಬೆಂಡು ನೀರಿನಲ್ಲಿ ಮುಳುಗದ ಹಾಗೆ, ಅಷ್ಟು ದೊಡ್ಡ ಖಂಡ ಕುರುಹಿಲ್ಲದೆ ಕೆಳಗಿಳಿಯದು.

ಕೊನೆಗೊಂದು ಲೆಕ್ಕವನ್ನು ನೀವೇ ಫೋನಿನಲ್ಲಿ ಮಾಡಿ ನೋಡಬಹುದು. ನಮ್ಮ ಕರಾವಳಿಯಿಂದ ಮಡಗಾಸ್ಕರ್‌ನ ಪೂರ್ವ ತೀರಕ್ಕೆ ಈಗ ಸುಮಾರು 4,400 ಕಿ.ಮೀ., ಅಂದರೆ 44 ಕೋಟಿ ಸೆಂ.ಮೀ. ಅದನ್ನು 8.8 ಕೋಟಿ ವರ್ಷದಿಂದ ಭಾಗಿಸಿದರೆ ವರ್ಷಕ್ಕೆ 5 ಸೆಂ.ಮೀ. ಇದು ಸರಾಸರಿ ಮಾತ್ರ, ನಡುವೆ ಭಾರತ ಇದರ ಮೂರು ಪಟ್ಟು ವೇಗದಲ್ಲಿ ಓಡಿದ ಕಾಲವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನೆಲಕ್ಕೆ ಕಚ್ಚಿಸಿ ನಿಲ್ಲಿಸಿದ ಒಂದು ಜಿಪಿಎಸ್ ಕೇಂದ್ರವಿದೆ. ಅದು ಇಂದಿಗೂ ಈಶಾನ್ಯದ ಕಡೆಗೆ ವರ್ಷಕ್ಕೆ ಸುಮಾರು 5 ಸೆಂ.ಮೀ. ಸರಿಯುತ್ತಿದೆ. ಮಾಕುಟ್ಟದ ಬಂಡೆಯೂ ಅದರ ಜೊತೆಗೇ ಹೋಗುತ್ತಿದೆ.