ಉಪ್ಪಿಗೆ ಒಂದು ರಾತ್ರಿಯ ಅವಕಾಶ

ಆಟಿಯ ಮಳೆ ಹಿಡಿದಿದ್ದ ಒಂದು ಆದಿತ್ಯವಾರ ಮಂಗಳೂರಿನ ನಮ್ಮ ಮನೆಗೆ ನೆಂಟರು ಬಂದಿದ್ದರು. ಹಂದಿಮಾಂಸದ ದಪ್ಪ ತುಂಡುಗಳನ್ನು ಕಾವಲಿಯಲ್ಲಿ ಕೆಂಪಗೆ ಹುರಿದು ಬಡಿಸಬೇಕೆಂದು ನಾವು ಎಣಿಸಿದ್ದೆವು. ಮಾಂಸವನ್ನು ತೊಳೆದು, ಉಪ್ಪು ಸವರಿ, ಇಪ್ಪತ್ತು ನಿಮಿಷ ಬದಿಗಿಟ್ಟೆವು. ಕಾವಲಿಗೆ ಹಾಕಿದಾಗ ಎದ್ದ ಚುರ್ರೆಂಬ ಸದ್ದು ಕ್ಷಣಮಾತ್ರದಲ್ಲಿ ಅಡಗಿತು. ಮಾಂಸವು ತನ್ನ ನೀರಿನಲ್ಲಿಯೇ ಕುದಿಯತೊಡಗಿತು. ಕೊನೆಗೆ ಎಲೆಗೆ ಬಂದುದು ಬೂದುಬಣ್ಣದ, ನಾರಿನಂತಹ ತುಂಡು. ತಪ್ಪೆಲ್ಲವೂ ಉಪ್ಪು ಹಾಕಿದ ವೇಳೆಯಲ್ಲಿತ್ತೆಂಬುದು ನಮಗೆ ತಿಳಿದುದು ತರುವಾಯ.

ಉಪ್ಪು ನೀರನ್ನು ಹೊರಗೆಳೆಯುತ್ತದೆಂಬುದನ್ನು, ಬೇಸಗೆಯಲ್ಲಿ ಮೀನು ಒಣಗಿಸಿ ಮಳೆಗಾಲಕ್ಕೆ ಕೂಡಿಡುವ ಈ ಕರಾವಳಿಯವರಿಗೆ ಹೇಳಬೇಕಾದುದಿಲ್ಲ. ಆದರೆ ಒಣಮೀನಿಗೆ ಹೇರಳವಾದ ಉಪ್ಪೂ ಬಿಸಿಲೂ ಬೇಕು. ಸ್ವಲ್ಪವೇ ಉಪ್ಪು ಸವರಿದ ಮಾಂಸದ ಕಥೆ ಬೇರೆ. ಮೊದಲ ಅರ್ಧ ಗಂಟೆಯೊಳಗೆ ಅದರ ಮೇಲೆ ರಸದ ಹನಿಗಳು ಮೂಡುತ್ತವೆ. ಉಪ್ಪು ಆ ರಸದಲ್ಲಿ ಕರಗುತ್ತದೆ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಆ ಉಪ್ಪುನೀರು ಮರಳಿ ಮಾಂಸವನ್ನು ಸೇರಲಾರಂಭಿಸುತ್ತದೆ. ಅನಂತರದ ಗಂಟೆಗಳಲ್ಲಿ ಉಪ್ಪು ಮೆಲ್ಲಮೆಲ್ಲನೆ ಒಳಗಿಳಿದು ಮಾಂಸದ ಎಳೆಗಳಲ್ಲಿರುವ ಪ್ರೋಟೀನನ್ನು ಸಡಿಲಿಸುತ್ತದೆ. ಸಡಿಲವಾದ ಎಳೆಗಳು ಬೆಂಕಿಯ ಕಾವಿಗೆ ಅಷ್ಟಾಗಿ ಬಿಗಿದುಕೊಳ್ಳುವುದಿಲ್ಲ. ಹಿಂಡಿದ ಬಟ್ಟೆಯಂತೆ ರಸವನ್ನೆಲ್ಲ ಹೊರಗೆ ಬಿಡುವುದೂ ಇಲ್ಲ. ನಾವಾದರೋ ರಸವೆಲ್ಲ ಮೇಲೆ ನಿಂತಿದ್ದ ಅತ್ಯಂತ ಕೆಟ್ಟ ವೇಳೆಯಲ್ಲಿ ಕಾವಲಿಗೆ ಹಾಕಿದ್ದೆವು.

ಹೊರಮೈಯ ಕೆಂಪಿಗೂ ಇದೇ ನೀರು ಶತ್ರು. ನೀರಿನ ಪಸೆ ಇರುವ ತನಕ ಮಾಂಸದ ಮೇಲ್ಮೈ 100 ಡಿಗ್ರಿ ಸೆಂಟಿಗ್ರೇಡನ್ನು ದಾಟಲಾರದು. ಫ್ರೆಂಚ್ ರಸಾಯನ ಶಾಸ್ತ್ರಜ್ಞ ಮೇಯಾರನು 1912ರಲ್ಲಿ ವಿವರಿಸಿದ, ಕಂದುಬಣ್ಣವನ್ನೂ ಹುರಿದ ಸುವಾಸನೆಯನ್ನೂ ಕೊಡುವ ಕ್ರಿಯೆಯು ಚುರುಕಾಗಿ ನಡೆಯಬೇಕಾದರೆ ಸುಮಾರು 140 ಡಿಗ್ರಿಗೆ ಮೇಲ್ಪಟ್ಟ ಕಾವು ಬೇಕು. ಆದುದರಿಂದ ಉಪ್ಪು ಒಳಗಿಳಿದ ಮೇಲೆ ಹೊರಮೈ ಒಣಗಲೂ ಬೇಕು. ನಮ್ಮೂರಿನ ಮಳೆಗಾಲದ ಗಾಳಿಯಲ್ಲಿ ಅಗಸೆಬಟ್ಟೆಯೇ ಒಣಗದಿರುವಾಗ, ಹೊರಗಿಟ್ಟ ಮಾಂಸವು ಒಣಗುವ ಬದಲು ಕೆಡುವುದು ನಿಶ್ಚಯ. ರೆಫ್ರಿಜರೇಟರಿನ ಗಾಳಿಯು ತಣ್ಣಗೂ ಒಣಗಿಯೂ ಇರುವುದರಿಂದ ಅದೇ ತಕ್ಕ ಸ್ಥಳ.

ಮುಂದಿನ ಸಲ ನಾವು ಮಾಡಿದ ಕ್ರಮವಿದು. ಬೆನ್ನಿನ ಭಾಗದ, ಎಲುಬಿಲ್ಲದ, ಒಂದಂಗುಲ ದಪ್ಪದ ಎರಡು ತುಂಡುಗಳು. ತೂಕ 500 ಗ್ರಾಂ. ಅವನ್ನು ಬಟ್ಟೆಯಿಂದ ಚೆನ್ನಾಗಿ ಒರಸಿ, 6 ಗ್ರಾಂ ಪುಡಿಯುಪ್ಪನ್ನು, ಎಂದರೆ ಮಟ್ಟಸವಾದ ಒಂದು ಚಹಾ ಚಮಚೆಯಷ್ಟನ್ನು, ಎಲ್ಲ ಬದಿಗಳಿಗೂ ಸಮನಾಗಿ ಉದುರಿಸಿದೆವು. ಹರಳುಪ್ಪಾದರೆ ಪುಡಿಮಾಡಿ ತೂಗಿಕೊಳ್ಳುವುದು ಲೇಸು. ಅದರ ಚಮಚೆಯ ಲೆಕ್ಕ ಬೇರೆ. ತಟ್ಟೆಯ ಮೇಲೆ ತಂತಿಯ ಜಾಲರಿಯಿಟ್ಟು, ಅದರ ಮೇಲೆ ತುಂಡುಗಳನ್ನು ಮುಚ್ಚದೆ, ರೆಫ್ರಿಜರೇಟರಿನ ಕೆಳಗಿನ ಅಂತಸ್ತಿನಲ್ಲಿ ಇತರ ಆಹಾರಕ್ಕೆ ತಾಗದಂತೆ ರಾತ್ರಿಯೆಲ್ಲ ಇರಿಸಿದೆವು. ಬೆಳಗ್ಗೆ ಮುಟ್ಟಿದರೆ ಬೆರಳಿಗೆ ನೀರು ಹತ್ತಲಿಲ್ಲ. ಮೈ ತುಸು ಗಾಢವರ್ಣಕ್ಕೆ ತಿರುಗಿತ್ತು. ಸಿದ್ಧವಾಯಿತೆಂಬುದಕ್ಕೆ ಇದೇ ಗುರುತು.

ಅದನ್ನು ತೊಳೆಯಲಾಗದು, ತೊಳೆದರೆ ರಾತ್ರಿಯ ಕೆಲಸವೆಲ್ಲ ನೀರುಪಾಲು. ಮೆಣಸಿನ ಅರಪನ್ನು ಮೊದಲೇ ಮೆತ್ತುವುದೂ ಸಲ್ಲದು. ಅದರ ಪಸೆ ಕೆಂಪನ್ನು ತಡೆಯುತ್ತದೆ, ಪಸೆ ಆರಿದೊಡನೆ ಮಸಾಲೆ ಸೀದುಹೋಗುತ್ತದೆ. ದಪ್ಪ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಮೊದಲು ಕೊಬ್ಬಿನ ಅಂಚನ್ನು ತಾಗಿಸಿ ತುಪ್ಪದಂತೆ ಕರಗಿಸಿಕೊಂಡು, ಅದರಲ್ಲಿಯೇ ಒಂದೊಂದು ಬದಿಯನ್ನು ನಾಲ್ಕು ನಿಮಿಷದಷ್ಟು ಹುರಿದೆವು. ಸದ್ದು ಕೊನೆಯ ತನಕ ಅಡಗಲಿಲ್ಲ. ಇಳಿಸಿ ಐದು ನಿಮಿಷ ಬಿಟ್ಟು ಕೊಯ್ದಾಗ ಹೊರಗೆ ಗರಿಗರಿಯಾದ ಕಂದು ಪದರ, ಒಳಗೆ ತೇವ, ನಡುವಿನಲ್ಲಿಯೂ ಹದವಾದ ಉಪ್ಪು.

ಒಂದು ಎಚ್ಚರಿಕೆಯುಂಟು. ಇಷ್ಟು ಉಪ್ಪಿನಿಂದ ಹಂದಿಮಾಂಸದಲ್ಲಿರಬಹುದಾದ ಹುಳುಗಳು ಸಾಯುವುದಿಲ್ಲ. ನಡುಭಾಗ 70 ಡಿಗ್ರಿ ಮುಟ್ಟುವ ತನಕ ಬೇಯಿಸಲೇಬೇಕು. ಎರಡು ದಿನ ಮೀರಿ ಇಟ್ಟರೆ ಮಾಂಸವು ಬಿಗಿದು ಹ್ಯಾಮಿನಂತೆ ಗಟ್ಟಿಯಾಗುತ್ತದೆ. ಬಫಾತಿನಂತೆ ಮಸಾಲೆಯ ರಸದಲ್ಲಿ ಬೇಯುವ ಅಡುಗೆಗೆ ಈ ಒಣಗಿಸುವಿಕೆಯಿಂದ ಪ್ರಯೋಜನವಿಲ್ಲ. ನೆಂಟರು ಹೇಳದೆ ಬಂದು ರಾತ್ರಿಯ ಅವಕಾಶ ದೊರೆಯದಿದ್ದರೆ, ಮಾಂಸವನ್ನು ಒರಸಿ, ಕಾವಲಿಗೆ ಹಾಕುವ ಗಳಿಗೆಯಲ್ಲಿಯೇ ಉಪ್ಪು ಉದುರಿಸಿರಿ. ಒಳಗೆ ಉಪ್ಪು ಮುಟ್ಟದಿದ್ದರೂ ಕೆಂಪಾದರೂ ಉಳಿಯುತ್ತದೆ.