ಪ್ಯಾರಾಶಾಕ್ ಎಂದು ಬರೆದಿದೆ, ಆದರೂ ಬಟ್ಟೆ ಸುತ್ತಿ

ಘೋಣಸಗಿಯಿಂದ ಮಂಗಳೂರಿಗೆ ಮದುವೆಗೆ ಹೊರಟವರ ಬಳಿ ನಾಲ್ಕು ವಾಚುಗಳಿವೆ ಎಂದುಕೊಳ್ಳಿ: ಅಜ್ಜನ ಎಚ್‌ಎಂಟಿ ಜನತಾ, ಅಪ್ಪನ ಎಚ್‌ಎಂಟಿ ಪೈಲಟ್, ಒಂದು ಬ್ಯಾಟರಿ ವಾಚು, ಕೈಯಲ್ಲಿ ದಿನವೂ ಕಟ್ಟುವ ಇನ್ನೊಂದು. ತಿಕೋಟಾ ದಾಟಿ ವಿಜಯಪುರಕ್ಕೆ ಬಸ್ಸು, ಅಲ್ಲಿಂದ ಮಂಗಳೂರಿನ ರೈಲು. ಡೋಣಿ ಸೀಮೆಯ ಒಣಹವೆಯಿಂದ ಕಡಲತೀರದ ತೇವಕ್ಕೆ ಒಂದೇ ರಾತ್ರಿಯಲ್ಲಿ ಇಳಿಯುವ ಈ ಪ್ರಯಾಣದಲ್ಲಿ ವಾಚಿನ ಬಗೆಗಿನ ನಮ್ಮ ನಂಬಿಕೆಗಳೆಲ್ಲ ಒಟ್ಟಿಗೇ ಪರೀಕ್ಷೆಗೆ ಬೀಳುತ್ತವೆ.

ಮೊದಲನೆಯ ನಂಬಿಕೆ: ಡಯಲ್ ಮೇಲೆ ‘ಪ್ಯಾರಾಶಾಕ್’ ಎಂದಿದ್ದರೆ ಬಿದ್ದರೂ ಏನೂ ಆಗದು.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾಯಿತು. ಈ ಪ್ಯಾರಾಶಾಕ್ ಕೂಡ ಸಿಟಿಜನ್‌ನದೇ. ಅದು ಕಾಯುವುದು ಒಂದು ಭಾಗವನ್ನು ಮಾತ್ರ. ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿಗಳು ಕೂದಲೆಳೆಯಷ್ಟು ತೆಳು. ಅವು ಕೂರುವ ಕಲ್ಲನ್ನು ಪುಟ್ಟ ಸ್ಪ್ರಿಂಗ್ ಹಿಡಿದಿರುತ್ತದೆ. ಪೆಟ್ಟು ಬಿದ್ದಾಗ ಕಲ್ಲು ತುಸು ಸರಿದು ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಶಾಕ್ ತಡೆಯುವ ವಾಚಿನ ಅಂತರರಾಷ್ಟ್ರೀಯ ಪರೀಕ್ಷೆಯೂ 1 ಮೀಟರ್ ಎತ್ತರದಿಂದ ಗಟ್ಟಿ ಮರದ ಮೇಲೆ ಬೀಳುವಷ್ಟು ಪೆಟ್ಟಿನದು. ಮೇಲಿನ ಬರ್ತ್ ಅದಕ್ಕಿಂತ ಎತ್ತರ. ಗಾಜು ಒಡೆಯುವುದನ್ನು, ಮುಳ್ಳು ಸಡಿಲವಾಗುವುದನ್ನು ಈ ಸ್ಪ್ರಿಂಗ್ ತಡೆಯಲಾರದು.

ಹಾಗೆಂದು ರೈಲಿನ ಕುಲುಕಾಟಕ್ಕೆ ಹೆದರಬೇಕಿಲ್ಲ. ಕೈ ಬೀಸಿ ನಡೆಯುವಾಗಲೂ ವಾಚು ಅಷ್ಟೇ ಅಲುಗುತ್ತದೆ. ಕೆಡುಕು ಬರುವುದು ಒಂದು ವಾಚು ಇನ್ನೊಂದಕ್ಕೆ ಉಜ್ಜಿದಾಗ. ಜನತಾದ ಗಾಜು ನಿಜಕ್ಕೂ ಗಾಜಲ್ಲ, ಅಕ್ರಿಲಿಕ್. ಪಕ್ಕದ ವಾಚಿನ ಸ್ಟೀಲ್ ಚೈನು ರಾತ್ರಿಯಿಡೀ ತಿಕ್ಕಿದರೆ ಗೀರು ಖಚಿತ. ಪ್ರತಿಯೊಂದನ್ನೂ ಹಳೆಯ ಧೋತರದ ಮೆತ್ತನೆ ತುಂಡಿನಲ್ಲಿ ಬೇರೆಬೇರೆ ಸುತ್ತಿ, ಡಬ್ಬಿಯಲ್ಲಿ ಅಲುಗದಂತೆ ಬಿಗಿಯಾಗಿಟ್ಟರೆ ಸಾಕು. ಚಾವಿ ಕೊಡುವ ವಾಚಿರುವ ಡಬ್ಬಿಯ ಪಕ್ಕ ಫೋನು, ಸ್ಪೀಕರು ಇಡಬೇಡಿ. ಒಳಗಿನ ಹೇರ್‌ಸ್ಪ್ರಿಂಗ್‌ಗೆ ಅಯಸ್ಕಾಂತದ ಗುಣ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿ, ವಾಚು ಇದ್ದಕ್ಕಿದ್ದಂತೆ ಮುಂದೆ ಓಡತೊಡಗುತ್ತದೆ. ಆ ಗುಣವನ್ನು ರಿಪೇರಿಯವರು ಯಂತ್ರದಿಂದ ಕ್ಷಣಗಳಲ್ಲಿ ತೆಗೆಯುತ್ತಾರೆ.

ಎರಡನೆಯದು ಬ್ಯಾಟರಿ ವಾಚಿನದು: ಕಟ್ಟದಿದ್ದಾಗ ಚಾವಿ ಗುಂಡಿ ಎಳೆದಿಟ್ಟರೆ ಸೆಲ್ ಉಳಿಯುತ್ತದೆ. ಸೆಲ್ ತುಸು ಉಳಿಯುವುದು ನಿಜವೇ. ಆದರೆ ಗುಂಡಿ ಹೊರಗಿದ್ದಷ್ಟು ಹೊತ್ತು ಅನೇಕ ವಾಚುಗಳಲ್ಲಿ ತೇವ, ಧೂಳಿಗೆ ಬಾಗಿಲು ತೆರೆದೇ ಇರುತ್ತದೆ. ವಾರದ ಪ್ರಯಾಣದಲ್ಲಿ ಉಳಿಸುವ ಸೆಲ್‌ಗಾಗಿ ಇಡೀ ವಾಚನ್ನೇ ಅಪಾಯಕ್ಕೆ ಒಡ್ಡುವುದು ನನ್ನ ಲೆಕ್ಕದಲ್ಲಿ ಲಾಭದ ವ್ಯವಹಾರವಲ್ಲ. ಗುಂಡಿ ಒತ್ತಿಯೇ ಇರಲಿ.

ತೇವದ ವಿಷಯ ಇಷ್ಟಕ್ಕೆ ಮುಗಿಯದು. ಅಕ್ಕಿಯಲ್ಲಿ ಹೂತಿಟ್ಟರೆ ವಾಚು ಒಣಗುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಅಕ್ಕಿಯಲ್ಲೇ ನೂರಕ್ಕೆ ಹನ್ನೆರಡು-ಹದಿಮೂರು ಪಾಲು ನೀರಿರುತ್ತದೆ. ಮುಚ್ಚಿದ ವಾಚಿನೊಳಗಿನ ತೇವವನ್ನು ಅದು ಎಳೆಯುವುದಿಲ್ಲ, ಹಿಟ್ಟಿನ ಧೂಳು ಮಾತ್ರ ಕೊಡುತ್ತದೆ. ಸಿಲಿಕಾ ಹರಳು ವಾಸಿ, ಅದೂ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿದ್ದರೆ ಮಾತ್ರ. ಸಡಿಲ ಡಬ್ಬಿಯಲ್ಲಿ ಅದು ಹೊರಗಿನ ಗಾಳಿಯ ತೇವವನ್ನೇ ಕುಡಿದು ಬೇಗ ಸೋಲುತ್ತದೆ. ಹಸಿರಿಗೆ ತಿರುಗಿದ ಕಿತ್ತಳೆ ಹರಳು ಹೊಟ್ಟೆ ತುಂಬಿದ ಹರಳು, ಅದನ್ನು ಬದಲಿಸಬೇಕು.

ಡಬ್ಬಿಯನ್ನು ಊರಲ್ಲೇ, ಒಣ ದಿನ ನೋಡಿ ಮುಚ್ಚಿ. ಎಸಿ ಬೋಗಿಯಲ್ಲಿ ರಾತ್ರಿಯಿಡೀ ತಣ್ಣಗಾದ ವಾಚನ್ನು ಮಂಗಳೂರಿನ ಪ್ಲಾಟ್‌ಫಾರ್ಮಿನಲ್ಲೇ ಹೊರತೆಗೆದರೆ ಹೊರಗಿನ ತೇವಗಾಳಿ ತಣ್ಣನೆ ಗಾಜಿನ ಮೇಲೆ ಹನಿಗಟ್ಟುತ್ತದೆ. ಮನೆ ಮುಟ್ಟಿ ಗಂಟೆ ಕಳೆದ ಮೇಲೆ ಮುಚ್ಚಳ ತೆಗೆಯಿರಿ. ಬಟ್ಟೆಯಿಂದ ಒರೆಸಿದಾಗ ಮಂಜು ಹೋದರೆ ಅದು ಹೊರಗಿನದು, ಚಿಂತೆಯಿಲ್ಲ. ಒರೆಸಿದರೂ ಹೋಗದಿದ್ದರೆ ಒಳಗಿನದು: ವಾಷರ್ ಸೋತಿದೆ. ಮಂಜು ತಾನಾಗಿ ಆರಿದರೂ ವಾಚು ರಿಪೇರಿಯವರ ಕೈಗೆ ಹೋಗಲೇಬೇಕು, ತುಕ್ಕು ಕಾಯುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ದುಬಾರಿ ನಂಬಿಕೆ: ಟಿಕೆಟ್ ತೆಗೆಸಿದ್ದೇವೆ, ಕಳುವಾದರೆ ರೈಲ್ವೆ ಕೊಡುತ್ತದೆ. 1989ರ ರೈಲ್ವೆ ಕಾಯ್ದೆಯ 100ನೇ ಕಲಂ ಪ್ರಕಾರ, ಬುಕ್ ಮಾಡಿ ರಸೀದಿ ಪಡೆಯದ ಲಗೇಜಿಗೆ ರೈಲ್ವೆ ಹೊಣೆಯಲ್ಲ. ನೀವೇ ಕೈಯಲ್ಲಿ ಒಯ್ಯುವ ವಸ್ತುವಾದರೆ ರೈಲ್ವೆ ನೌಕರರ ನಿರ್ಲಕ್ಷ್ಯ ಇಲ್ಲವೇ ದುರ್ನಡತೆಯಿಂದಲೇ ಹೋಯಿತೆಂದು ಸಾಬೀತಾಗಬೇಕು. ಸೊಂಟದ ಬೆಲ್ಟಿನಲ್ಲಿದ್ದ 1 ಲಕ್ಷ ರೂಪಾಯಿ ರೈಲಿನಲ್ಲಿ ಕಳೆದುಕೊಂಡ ವ್ಯಾಪಾರಿಗೆ ಗ್ರಾಹಕ ವೇದಿಕೆ ಪರಿಹಾರ ಕೊಡಿಸಿತ್ತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಟಿಕೆಟಿನೊಂದಿಗೆ ಪೈಸೆಗಳಲ್ಲಿ ಸಿಗುವ ವಿಮೆಯೂ ಸಾವು, ಗಾಯಗಳಿಗೆ, ಸಾಮಾನಿಗಲ್ಲ.

ಆದ್ದರಿಂದ ಹೊಳೆಯುವ ವಾಚ್ ಪೆಟ್ಟಿಗೆ ಮನೆಯಲ್ಲೇ ಇರಲಿ. ಅದು ಕಳ್ಳನಿಗೆ ಒಳಗೇನಿದೆ ಎಂದು ಹೇಳುತ್ತದೆ. ಮಂಕಾದ ಡಬ್ಬಿ, ತಲೆದಿಂಬಾಗಿ ಇಟ್ಟುಕೊಳ್ಳುವ ಚೀಲದೊಳಗೆ. ದೊಡ್ಡ ಚೀಲಕ್ಕೆ ಕೆಳಗಿನ ಬರ್ತಿನ ಅಡಿಯ ಕಬ್ಬಿಣದ ಬಳೆಗೆ ಚೈನು, ಆದರೆ ವಾಚು ಅದರಲ್ಲಿ ಬೇಡ. ಹೊರಡುವ ಮುನ್ನ ಪ್ರತಿ ವಾಚಿನ ಡಯಲ್ ಮತ್ತು ಬೆನ್ನಿನ ಅಂಕಿಗಳ ಫೋಟೊ ತೆಗೆದು ಮನೆಯವರ ಫೋನಿಗೂ ಕಳಿಸಿ. ಕಳುವಾದರೆ 139ಕ್ಕೆ ಕರೆಮಾಡಿ. ಚಲಿಸುವ ರೈಲಿನಲ್ಲೇ ಟಿಟಿಇ ಅಥವಾ ರೈಲಿನಲ್ಲಿರುವ ಪೊಲೀಸರ ಬಳಿ ದೂರಿನ ಫಾರ್ಮು ತುಂಬಿಕೊಡಬಹುದು, ಅದಕ್ಕಾಗಿ ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಇಳಿಯಬೇಕಿಲ್ಲ. ಆ ಫಾರ್ಮಿನಲ್ಲಿ ‘ಹಳೆಯ ಎಚ್‌ಎಂಟಿ’ ಎಂದಷ್ಟೇ ಬರೆಯದೆ, ಬೆನ್ನಿನ ಅಂಕಿಗಳನ್ನೂ ಬರೆಯಿರಿ.