ಕೀರಲು ದನಿಗೆ ಬಿದ್ದ ಕಡಿವಾಣ

1975ರ ಫೆಬ್ರುವರಿಯಲ್ಲಿ ಮಾರ್ಗರೆಟ್ ಥ್ಯಾಚರ್ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕಿಯಾದಾಗ, ಅವರ ಆರ್ಥಿಕ ನೀತಿಯನ್ನು ಮೆಚ್ಚಿದವರಿಗೂ ಅವರ ದನಿ ಕಿವಿಗೆ ಹಿತವಾಗಿರಲಿಲ್ಲ. ಕೀರಲು ದನಿ, ಮೇಷ್ಟರಮ್ಮನ ಗದರಿಕೆ ಎಂಬ ಮಾತು ಪತ್ರಿಕೆಗಳಲ್ಲೂ ಪಕ್ಷದ ಒಳಗೂ ಓಡಾಡುತ್ತಿತ್ತು.

ಆ ದೂರಿಗೆ ದೇಹರಚನೆಯ ಕಾರಣವೂ ಇದೆ. ಗಂಡಸರು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 110-120 ಸಲ ಕಂಪಿಸಿದರೆ, ಹೆಂಗಸರಲ್ಲಿ ಅದು 200ರ ಆಸುಪಾಸು. ಗದ್ದಲದಲ್ಲಿ ಕೂಗಿದರೆ ಇಬ್ಬರ ಶ್ರುತಿಯೂ ಮೇಲಕ್ಕೆ ಹೋಗುತ್ತದೆ. ಆದರೆ ತಳದಿಂದ ಹೊರಟ ಗಂಡು ದನಿ ಗರ್ಜನೆಯಾಗುತ್ತದೆ, ಮೊದಲೇ ಮೇಲಿದ್ದ ಹೆಣ್ಣು ದನಿ ಕಿರುಚಾಟ ಅನ್ನಿಸಿಕೊಳ್ಳುತ್ತದೆ. ಬ್ರಿಟಿಷ್ ಸಂಸತ್ತಿನಲ್ಲಂತೂ ಎದುರು ಬೆಂಚಿನವರು ಹುಯಿಲೆಬ್ಬಿಸುವುದು ದಿನನಿತ್ಯದ ಪದ್ಧತಿ. 1978ರ ಏಪ್ರಿಲ್‌ನಿಂದ ಅಲ್ಲಿನ ಕಲಾಪ ರೇಡಿಯೊದಲ್ಲಿ ಬರತೊಡಗಿತು. ಮುಖ ಕಾಣದ ಮನೆಮನೆಗೆ ಆ ದನಿಯೊಂದೇ ತಲುಪುತ್ತಿತ್ತು.

ಥ್ಯಾಚರ್ ಅವರ ಪ್ರಚಾರ ಸಲಹೆಗಾರ ಗಾರ್ಡನ್ ರೀಸ್ ಟೀವಿ ಕಾರ್ಯಕ್ರಮಗಳನ್ನು ನಿರ್ಮಿಸಿ ಪಳಗಿದ್ದವರು. ಮೊದಲು ಹ್ಯಾಟುಗಳು ಹೋದವು. ಅತಿಯಾದ ಅಲಂಕಾರ ಹೋಯಿತು. ಮುತ್ತಿನ ಹಾರ ಮಾತ್ರ ಉಳಿಯಿತು. ಆಮೇಲೆ ದನಿಯ ಸರದಿ. ನಟ ಲಾರೆನ್ಸ್ ಒಲಿವಿಯರ್ ಅವರ ನೆರವಿನಿಂದ ನ್ಯಾಷನಲ್ ಥಿಯೇಟರಿನ ಧ್ವನಿ ತರಬೇತಿ ಸಿಕ್ಕಿತು. ರಂಗದ ಮೇಲೆ ರಾಜರಾಣಿಯರ ಪಾತ್ರಕ್ಕೆ ಕಂಠ ಸಿದ್ಧಮಾಡುವವರು ಈಗ ವಿರೋಧ ಪಕ್ಷದ ನಾಯಕಿಯನ್ನು ತಿದ್ದಿದರು: ಶ್ರುತಿ ಇಳಿಸಬೇಕು, ವೇಗ ತಗ್ಗಿಸಬೇಕು, ಮೈಕಿಗೆ ಹತ್ತಿರದಲ್ಲಿ ಮೆತ್ತಗೆ ಮಾತಾಡಬೇಕು. ತರಬೇತಿಯ ಹಿಂದಿನ ಮತ್ತು ಮುಂದಿನ ಧ್ವನಿಮುದ್ರಿಕೆಗಳನ್ನು ಹೋಲಿಸಿ, ಶ್ರುತಿ 46 ಹರ್ಟ್ಸ್ ಇಳಿದಿತ್ತೆಂದು ಭಾಷಣಕಲೆಯ ಸಂಶೋಧಕ ಮ್ಯಾಕ್ಸ್ ಅಟ್ಕಿನ್ಸನ್ 1984ರಲ್ಲಿ ಬರೆದರು. ಹೆಣ್ಣು ಗಂಡು ದನಿಗಳ ಸರಾಸರಿ ಅಂತರದಲ್ಲಿ ಅದು ಹೆಚ್ಚುಕಡಿಮೆ ಅರ್ಧ.

ಇಷ್ಟಾದ ಮೇಲೆ ದೂರು ನಿಂತಿತೇ? ನಿಲ್ಲಲಿಲ್ಲ, ಬದಲಾಯಿತು. ನಿಮ್ಮ ನಾಯಿ ಈಗಷ್ಟೇ ಸತ್ತುಹೋಗಿದೆ ಎಂದು ಸಂತೈಸುವವರ ಹಾಗೆ ಮಾತಾಡುತ್ತಾರೆ ಎಂದು ಅಂಕಣಕಾರ ಕೀತ್ ವಾಟರ್‌ಹೌಸ್ ಲೇವಡಿ ಮಾಡಿದರು. ಏರಿದರೆ ಕಿರುಚಾಟ, ಇಳಿದರೆ ನಾಟಕ.

ತಲೆಗೂದಲಿನ ಲೆಕ್ಕವೂ ಉಳಿದುಕೊಂಡಿದೆ. ಪ್ರಧಾನಿಯಾಗಿದ್ದಾಗಿನ ಅವರ 1984ರ ದಿನಚರಿಯಲ್ಲಿ ಕೇಶವಿನ್ಯಾಸಕ್ಕೆಂದು ಗೊತ್ತುಮಾಡಿದ ಸಮಯಗಳೇ ನೂರಕ್ಕೂ ಹೆಚ್ಚು, ಅಂದರೆ ಸರಿಸುಮಾರು ಮೂರು ದಿನಕ್ಕೊಮ್ಮೆ. ಗಣಿ ಕಾರ್ಮಿಕರ ಮುಷ್ಕರ ನಡೆಯುತ್ತಿದ್ದ ವರ್ಷವದು.

ಗಂಡಸರಿಗೆ ಈ ಕಾಟ ಇರಲೇ ಇಲ್ಲ ಎನ್ನುವಂತಿಲ್ಲ. ಲೇಬರ್ ಪಕ್ಷದ ನಾಯಕ ಮೈಕೆಲ್ ಫುಟ್ 1981ರ ನವೆಂಬರಿನಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಹಸಿರು ಬಣ್ಣದ ಗಿಡ್ಡ ಕೋಟು ತೊಟ್ಟು ಬಂದಾಗ, ಕೂಲಿಯವರ ಜಾಕೆಟ್ ಹಾಕಿಕೊಂಡು ಬಂದರೆಂದು ಪತ್ರಿಕೆಗಳು ಹರಿಹಾಯ್ದವು. ಅದು ಹ್ಯಾರಡ್ಸ್ ಅಂಗಡಿಯಿಂದ ತಂದ ಕೋಟು, ರಾಜಮಾತೆಯೇ ಮೆಚ್ಚಿ ಮಾತಾಡಿಸಿದ್ದರು. ಇಂದಿಗೂ ಅದು ಮ್ಯಾಂಚೆಸ್ಟರಿನ ಪೀಪಲ್ಸ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಆದರೆ ಜನ ನೆನೆಯುವುದು ಆ ಒಂದು ದಿನದ ಒಂದು ಕೋಟನ್ನು. ಗಾಢ ಬಣ್ಣದ ಸೂಟು, ಬಿಳಿ ಅಂಗಿ, ಟೈ ಎಂಬ ಸಿದ್ಧ ಸಮವಸ್ತ್ರದೊಳಗಿದ್ದರೆ ಗಂಡಸಿಗೆ ಉಳಿದೆಲ್ಲ ದಿನವೂ ರಜೆ. ಹೆಂಗಸಿಗೆ ಅಂಥ ಸಮವಸ್ತ್ರವೇ ಇರಲಿಲ್ಲ. ಹಾಗಾಗಿ ಏನು ತೊಟ್ಟರೂ ಅದು ಆಯ್ಕೆ, ಆಯ್ಕೆಯಾದ್ದರಿಂದ ಚರ್ಚೆ.

ದನಿಯ ವಿಚಾರದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಹೋಲಿಕೆ ಸಿಗುತ್ತದೆ. ಮನೋವಿಜ್ಞಾನಿ ಜೆಫ್ರಿ ಬೀಟಿ ಮತ್ತು ಸಂಗಡಿಗರು 1979ರ ಚುನಾವಣೆಯ ಹೊತ್ತಿನ ಎರಡು ಟೀವಿ ಸಂದರ್ಶನಗಳನ್ನು ಅಕ್ಷರಕ್ಷರ ಬಿಡಿಸಿ ನೋಡಿದರು. ಒಂದು ಥ್ಯಾಚರ್ ಅವರದು, ಇನ್ನೊಂದು ಆಗಿನ ಪ್ರಧಾನಿ ಜೇಮ್ಸ್ ಕ್ಯಾಲಹನ್ ಅವರದು. ಎದುರಾಳಿಯ ಬಾಯಿ ಮುಚ್ಚಿಸುವ ಗಟ್ಟಿಗಿತ್ತಿ ಎಂದು ಹೆಸರಾಗಿದ್ದ ಥ್ಯಾಚರ್ ಅವರ ಮಾತನ್ನೇ ಸಂದರ್ಶಕ ಮತ್ತೆ ಮತ್ತೆ ತುಂಡರಿಸಿದ್ದ. ಕ್ಯಾಲಹನ್ ವಿಷಯದಲ್ಲಿ ಅಡ್ಡಬಾಯಿ ಹಾಕಿದ್ದು ಹೆಚ್ಚಾಗಿ ಅವರೇ. 1982ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಈ ಬರಹ ಕಾರಣವನ್ನೂ ಸೂಚಿಸಿತು. ಥ್ಯಾಚರ್ ಇನ್ನೂ ಹೇಳುವುದಿದ್ದಾಗಲೂ ವಾಕ್ಯದ ನಡುವೆ ದನಿ ಸರ್ರನೆ ಕೆಳಗಿಳಿಯುತ್ತಿತ್ತು. ಮಾತು ಮುಗಿಯಿತೆಂದು ತಿಳಿದು ಸಂದರ್ಶಕ ಮುಂದಿನ ಪ್ರಶ್ನೆ ಎತ್ತುತ್ತಿದ್ದ. ದಬಾಯಿಸುವ ಹೆಂಗಸೆಂಬ ಅಭಿಪ್ರಾಯಕ್ಕೆ ಈ ಲೆಕ್ಕದ ಆಸರೆ ಸಿಗಲಿಲ್ಲ ಎನ್ನಬೇಕು.

ತಿದ್ದಿದ ದನಿಯೇ ಥ್ಯಾಚರ್ ಅವರನ್ನು ಗೆಲ್ಲಿಸಿತೆಂದು ಸಲಹೆಗಾರರ ಬಳಗ ಹೇಳಿಕೊಳ್ಳುವುದುಂಟು. ಆ ಮಾತನ್ನು ಪೂರ್ತಿ ನಂಬುವುದು ಕಷ್ಟ. 1979ರ ಮೇ 3ರ ಚುನಾವಣೆಯಲ್ಲಿ ಅವರ ಪಕ್ಷ 43 ಸ್ಥಾನಗಳ ಬಹುಮತ ಪಡೆಯಿತು, ನಿಜ. ಆದರೆ ಯಾರು ಒಳ್ಳೆಯ ಪ್ರಧಾನಿಯಾಗಬಲ್ಲರು ಎಂಬ ಸಮೀಕ್ಷೆಗಳಲ್ಲಿ ಕ್ಯಾಲಹನ್ ಅವರೇ ಮುಂದಿದ್ದರು. ಆ ಚಳಿಗಾಲದ ಮುಷ್ಕರಗಳಿಂದ ಬೇಸತ್ತಿದ್ದ ಮತದಾರರು ಸರ್ಕಾರವನ್ನು ಬದಲಿಸಿದ್ದರು.